ಒಂದೇ ಫೋಟೊದಿಂದ ಕಲ್ಲಿನ ಗುರುತು ಸಿಗದು

ಮಂಜುನಾಥ,

ತೆಕ್ಕಲಕೋಟೆ ಹೊಲದ ಬದುವಿನಲ್ಲಿ ಕಂಡ ಕಲ್ಲನ್ನು ಅಂಗೈಯಲ್ಲಿಟ್ಟು ತೆಗೆದ ಒಂದೇ ಫೋಟೊ ಕಳಿಸಿ ಇದೇನು ಎಂದು ಕೇಳಿದ್ದೀಯ. ನವಶಿಲಾಯುಗದ ಕೊಡಲಿ, ಅರೆಯುವ ಕಲ್ಲು, ತುಂಗಭದ್ರೆ ಉರುಳಿಸಿದ ಗುಂಡುಕಲ್ಲು, ಮೂರೂ ಮೇಲಿನಿಂದ ಹೀಗೇ ಕಾಣುತ್ತವೆ. ಮನೆಗೆ ತಂದು ತಿಕ್ಕಿ ತೊಳೆಯಲೇ ಎಂದೂ ಕೇಳಿದ್ದೀಯ. ಅದನ್ನು ಓದಿ ಸಿಟ್ಟೇ ಬಂತು.

ಎಂ.ಎಸ್. ನಾಗರಾಜರಾವ್ ಅವರು 1963-64ರಲ್ಲಿ ತೆಕ್ಕಲಕೋಟೆಯಲ್ಲಿ ಉತ್ಖನನ ಮಾಡಿದ ಸುದ್ದಿ ಕೇಳುತ್ತ ಬೆಳೆದವರು ನಾವು. ಕುರುಗೋಡಿನಲ್ಲಿ ಮೇಷ್ಟರಾಗಿದ್ದಾಗ ರಜೆ ಬಂದರೆ ಕ್ಯಾಮೆರಾ ಹಿಡಿದು ಗುಡ್ಡದ ಬುಡ ಸುತ್ತುತ್ತಿದ್ದೆ. ರೀಲಿಗೆ 36 ಫೋಟೊ. ಬಳ್ಳಾರಿಯ ಸ್ಟುಡಿಯೊದಲ್ಲಿ ತೊಳೆಸುವವರೆಗೆ ಹೇಗೆ ಬಂದಿವೆ ಎಂದು ತಿಳಿಯುತ್ತಿರಲಿಲ್ಲ. ಒಂದೂರಿನ ಬೇವಿನ ಕಟ್ಟೆಯ ಮೇಲೆ, ಅಮ್ಮನ ಮುಂದೆ ಕೊಡಲಿಕಲ್ಲುಗಳನ್ನಿಟ್ಟು ಪೂಜಿಸುತ್ತಿದ್ದರು. ಅವು ಯಾವ ಹೊಲದಲ್ಲಿ ಸಿಕ್ಕವು ಎಂದು ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಕೊಡಲಿ ಎಂಬ ಗುರುತು ಸಿಕ್ಕಿತು, ಅದರ ನೆಲೆ ಸಿಗಲಿಲ್ಲ.

ಮನೆಗೆ ತಂದರೆ ನಿಧಾನವಾಗಿ ಫೋಟೊ ತೆಗೆಯಬಹುದು, ಒಪ್ಪುತ್ತೇನೆ. ಆದರೂ ಅಲ್ಲೇ ತೆಗೆ. ಮೊದಲು ಗುಡ್ಡವೂ ಬದುವೂ ಕಾಣುವಂತೆ ದೂರದಿಂದ ಒಂದು, ಆಮೇಲೆ ಬಿದ್ದಲ್ಲೇ ಹತ್ತಿರದಿಂದ ಒಂದು. ಮುಂದಿನ ಫೋಟೊಗಳಿಗೆ ಕಲ್ಲನ್ನು ಹೊಳಪಿಲ್ಲದ ಬಟ್ಟೆಯ ಮೇಲಿಡು. ಪಕ್ಕದಲ್ಲಿ ಸ್ಕೇಲು ಇರಲಿ. ನೆಲದ ಮೇಲಿಟ್ಟ ಸ್ಕೇಲು ಕ್ಯಾಮೆರಾಕ್ಕೆ ದೂರವಾಗಿ ಚಿಕ್ಕದಾಗಿ ಕಾಣುತ್ತದೆ, ಕಲ್ಲು ಇರುವುದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅದಕ್ಕೇ ಸ್ಕೇಲಿನ ಕೆಳಗೆ ಮಣ್ಣಿನ ಹೆಂಟೆ ಕೊಟ್ಟು, ಕಲ್ಲಿನ ಅಂಚಿನ ಎತ್ತರಕ್ಕೆ ತಾ. ಮೊಬೈಲನ್ನು ತೀರ ಹತ್ತಿರ ಒಯ್ದರೆ ಆಕಾರ ಉಬ್ಬಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡು.

ಕಲ್ಲನ್ನು ಹೊರಳಿಸುತ್ತ ಆರು ಫೋಟೊ ಬೇಕು: ಎರಡು ಮುಖ, ಎರಡು ಪಕ್ಕ, ಬಾಯಿ, ಹಿಂಬದಿ. ಗುರುತು ಹೇಳುವುದು ಪಕ್ಕದ ಫೋಟೊ. ಎರಡೂ ಕಡೆಯಿಂದ ಇಳಿದು ನಡುವೆ ಅಂಚು ಕೂಡಿದ್ದರೆ ಕೊಡಲಿ. ಇಳಿಜಾರು ಒಂದೇ ಕಡೆಗಿದ್ದರೆ ಬಾಚಿ. ಅಂಚೇ ಇಲ್ಲದೆ ಸುತ್ತಲೂ ಒಂದೇ ಸಮ ದುಂಡಗಿದ್ದರೆ ಹೊಳೆಯ ಕಲ್ಲಿರಬೇಕು. ನಡುಹಗಲ ಬಿಸಿಲಲ್ಲಿ ಚಕ್ಕೆ ಎದ್ದ ಗುರುತು ಅಳಿಸಿದಂತಾಗುತ್ತದೆ. ಬೆಳಿಗ್ಗೆ ಎಡದಿಂದ ಓರೆ ಬಿಸಿಲು ಬೀಳುವಾಗ ತೆಗೆದರೆ ಪ್ರತಿ ಚಕ್ಕೆಗೂ ನೆರಳು ಬೀಳುತ್ತದೆ. ತೊಳೆಯಬೇಡ, ತಿಕ್ಕಬೇಡ. ಅಂಚಿನ ಸಣ್ಣ ಗೀರುಗಳೇ ಅದರ ಬಳಕೆಯ ಸಾಕ್ಷಿ.

ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಸೂಕ್ಷ್ಮ ವಿವರ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸು.

ಗದರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಪ್ಪ. ಕಾಲ ಕೆಳಗಿನ ಕಲ್ಲನ್ನು ನಿಂತು ನೋಡಿದೆಯಲ್ಲ, ಅದೇ ನನಗೆ ಸಂತೋಷ. ಫೋಟೊದಲ್ಲಿ ತೂಕ ತಿಳಿಯದು, ಕಲ್ಲಿನ ಜಾತಿಯೂ ಖಚಿತವಾಗದು. ಅದಕ್ಕೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯದವರಿಗೆ ಎಲ್ಲ ಫೋಟೊಗಳನ್ನೂ ತೋರಿಸು. ಅವರು ಹೇಳುವವರೆಗೆ ಕಲ್ಲು ಬದುವಿನಲ್ಲೇ ಇರಲಿ.

ನಿನ್ನ ದೊಡ್ಡಪ್ಪ