ಬಾಡಿಗೆ ಮಳಿಗೆ ಅಢಾವೆ ಪತ್ರಿಕೆಗೆ ಬಂದಾಗ

ಇಟ್ಟಿಗಿಯ ಅಭ್ಯಾಸ ಪಾಠದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ಮಳಿಗೆ ಮಾಲೀಕರದು, ಬಾಡಿಗೆದಾರನಿಗೆ ಅದು ಹೆಂಗ ಆಸ್ತಿ ಆಗತೈತಿ?" ನಾನು ತಡವರಿಸಿದೆ. ಆಸ್ತಿ ಮಳಿಗೆಯಲ್ಲ, ಅದನ್ನು ಬಳಸುವ ಹಕ್ಕು ಎಂದು ಮೊದಲೇ ಹೇಳಬೇಕಿತ್ತು.

ಹಿಂದೆ ಹಣಕಾಸು ಗುತ್ತಿಗೆ ಮಾತ್ರ ಅಢಾವೆ ಪತ್ರಿಕೆಗೆ ಬರುತ್ತಿತ್ತು. ಕಾರ್ಯಾಚರಣಾ ಗುತ್ತಿಗೆಯ ಬಾಡಿಗೆ ಬರೀ ವೆಚ್ಚ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಪಾಲಿಸುವ ಕಂಪನಿ ಬಾಡಿಗೆದಾರನಾದರೆ ಈ ಭೇದವಿಲ್ಲ. ಹನ್ನೆರಡು ತಿಂಗಳೊಳಗಿನ ಅಥವಾ ಅಲ್ಪ ಮೌಲ್ಯದ ಗುತ್ತಿಗೆಗೆ ಮಾತ್ರ ವಿನಾಯಿತಿ ಉಂಟು.

ಮರುದಿನ ಹಲಗೆಯ ಮೇಲೆ ಲೆಕ್ಕ ಬಿಡಿಸಿದೆ. ಮೂರು ವರ್ಷ, ಪ್ರತಿ ವರ್ಷಾಂತ್ಯಕ್ಕೆ ₹1,00,000, ಬಡ್ಡಿ ದರ ಶೇ. 10. ಇಂದಿನ ಮೌಲ್ಯ ₹2,48,685; ಆಸ್ತಿಯೂ ಅಷ್ಟೇ, ಹೊಣೆಯೂ ಅಷ್ಟೇ. ಮೊದಲ ವರ್ಷ ಬಡ್ಡಿ ₹24,869, ಸವಕಳಿ ₹82,895. ಒಟ್ಟು ವೆಚ್ಚ ₹1,07,764, ಕೊಟ್ಟ ಬಾಡಿಗೆಗಿಂತ ಹೆಚ್ಚು! ವರ್ಷಾಂತ್ಯಕ್ಕೆ ಹೊಣೆ ₹1,73,554, ಆಸ್ತಿ ₹1,65,790. ಎರಡೂ ಸಮವಾಗಿಯೇ ಉಳಿದಿದ್ದರೆ ವಿದ್ಯಾರ್ಥಿ ಲೆಕ್ಕದಲ್ಲಿ ತಪ್ಪಿದ್ದಾನೆಂದು ತಿಳಿಯಿರಿ.