ಆರ್‌ಒಇ ಏರಿದೆ, ಕೈಯಲ್ಲಿ ಕಾಸು ಯಾಕಿಲ್ಲ?

ಪ್ರಶ್ನೆ: ಅರಕಲಗೂಡಿನಲ್ಲಿ ಗೊಬ್ಬರ, ಬಿತ್ತನೆ ಬೀಜ, ಔಷಧಿ ಅಂಗಡಿ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ 1.20 ಕೋಟಿ ರೂಪಾಯಿ ಇದ್ದ ವ್ಯಾಪಾರ ಈಗ 1.50 ಕೋಟಿ ಆಗಿದೆ. ಬಾಡಿಗೆ, ಬಡ್ಡಿ, ನನ್ನ ಸಂಬಳವೆಂದು ಬರೆದುಕೊಂಡದ್ದು ಎಲ್ಲ ಕಳೆದು ಆಗ 3.60 ಲಕ್ಷ ಉಳಿದಿತ್ತು, ಈಗ 3.75 ಲಕ್ಷ. ಉಳಿದದ್ದನ್ನೆಲ್ಲ ಮನೆ ಕಟ್ಟಲು ತೆಗೆದುಕೊಂಡೆ, ಹಾಗಾಗಿ ಅಂಗಡಿಯಲ್ಲಿ ನನ್ನ ಸ್ವಂತ ಬಂಡವಾಳ ಆಗಲೂ ಈಗಲೂ 20 ಲಕ್ಷವೇ. ಸ್ಟಾಕು, ಗಿರಾಕಿಗಳ ಬಾಕಿ, ಡಿಪಾಸಿಟ್ಟು ಎಲ್ಲ ಸೇರಿದ ಒಟ್ಟು ಆಸ್ತಿ 40 ಲಕ್ಷದಿಂದ 60 ಲಕ್ಷಕ್ಕೆ ಹೋಗಿದೆ. ಇದು ಪ್ರತಿ ತಿಂಗಳ ಕೊನೆಯ ಲೆಕ್ಕ ಕೂಡಿ ತೆಗೆದ ಸರಾಸರಿ. ಬಿ.ಕಾಂ. ಓದುತ್ತಿರುವ ಮಗ ಲೆಕ್ಕ ಹಾಕಿ, ನಮ್ಮ ಆರ್‌ಒಇ ಶೇ 18ರಿಂದ 18.75ಕ್ಕೆ ಏರಿದೆ, ಅಂಗಡಿ ಚೆನ್ನಾಗಿ ನಡೆಯುತ್ತಿದೆ ಅನ್ನುತ್ತಾನೆ. ನನಗೆ ನೋಡಿದರೆ ಬ್ಯಾಂಕಿನ ಓ.ಡಿ. ಯಾವಾಗಲೂ ತುಂಬಿಯೇ ಇರುತ್ತದೆ, ಕೈಯಲ್ಲಿ ಕಾಸು ನಿಲ್ಲುವುದಿಲ್ಲ. ಅವನ ಲೆಕ್ಕ ಸರಿಯೋ, ನನ್ನ ಅನುಭವ ಸರಿಯೋ?

ಉತ್ತರ: ಎರಡೂ ಸರಿ. ಮಗ ಹಾಕಿದ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಆ ಒಂದು ಅಂಕಿಯೊಳಗೆ ಮೂರು ಬೇರೆ ಬೇರೆ ಸಂಗತಿಗಳು ಕೂಡಿಕೊಂಡಿವೆ. ಅವುಗಳಲ್ಲಿ ಎರಡು ಕೆಳಗಿಳಿದಿವೆ. ಮೂರನೆಯದೊಂದೇ ಮೇಲೇರಿ ಒಟ್ಟು ಅಂಕಿಯನ್ನು ಎತ್ತಿ ಹಿಡಿದಿದೆ. ಬಿಡಿಸಿ ನೋಡೋಣ:

ಲಾಭ ÷ ಬಂಡವಾಳ = (ಲಾಭ ÷ ವ್ಯಾಪಾರ) × (ವ್ಯಾಪಾರ ÷ ಒಟ್ಟು ಆಸ್ತಿ) × (ಒಟ್ಟು ಆಸ್ತಿ ÷ ಬಂಡವಾಳ)

ಮೊದಲನೆಯದು ಮಾರ್ಜಿನ್: ನೂರು ರೂಪಾಯಿ ವ್ಯಾಪಾರಕ್ಕೆ ಎಷ್ಟು ಉಳಿಯಿತು. ಎರಡನೆಯದು ಆಸ್ತಿಯ ವಹಿವಾಟು: ಅಂಗಡಿಯಲ್ಲಿ ತೊಡಗಿಸಿದ ಒಂದು ರೂಪಾಯಿ ವರ್ಷದಲ್ಲಿ ಎಷ್ಟು ರೂಪಾಯಿ ವ್ಯಾಪಾರ ತಂದಿತು. ಮೂರನೆಯದು ಲಿವರೇಜ್: ನಿಮ್ಮ ಒಂದು ರೂಪಾಯಿಯ ಮೇಲೆ ಬೇರೆಯವರ ದುಡ್ಡೂ ಸೇರಿ ಒಟ್ಟು ಎಷ್ಟು ರೂಪಾಯಿಯ ಆಸ್ತಿ ನಿಂತಿದೆ.

ಎರಡು ವರ್ಷದ ಹಿಂದೆ ಮಾರ್ಜಿನ್ ಶೇ 3, ವಹಿವಾಟು 3 ಸಲ, ಲಿವರೇಜ್ 2 ಪಟ್ಟು ಇತ್ತು. ಗುಣಿಸಿದರೆ ಶೇ 18. ಈಗ ಮಾರ್ಜಿನ್ ಶೇ 2.5, ವಹಿವಾಟು 2.5 ಸಲ, ಲಿವರೇಜ್ 3 ಪಟ್ಟು. ಗುಣಿಸಿದರೆ ಶೇ 18.75. ಮೊದಲ ಎರಡನ್ನು ಮಾತ್ರ ಗುಣಿಸಿದರೆ ಒಟ್ಟು ಆಸ್ತಿಯ ಮೇಲೆ ಸಿಕ್ಕ ಲಾಭ ಬರುತ್ತದೆ. ಅದು ಶೇ 9 ಇದ್ದದ್ದು 6.25ಕ್ಕೆ ಇಳಿದಿದೆ. ಆ ಲಾಭದ ದರ ಸುಮಾರು ಶೇ 30ರಷ್ಟು ಕುಗ್ಗಿದೆ, ಅದನ್ನು ಸಾಲ ಮುಚ್ಚಿ ಹಾಕಿದೆ. ನಿಮ್ಮ ಕೈಗೆ ತಟ್ಟುತ್ತಿರುವುದು ಇದೇ.

ಹೆಚ್ಚಿದ 20 ಲಕ್ಷ ಎಲ್ಲಿ ಕೂತಿದೆ ಎಂದು ನೀವು ಕಳಿಸಿದ ಪಟ್ಟಿಯಲ್ಲಿ ಹುಡುಕಿದೆ. ಸ್ಟಾಕು 22 ಲಕ್ಷದಿಂದ 28 ಲಕ್ಷ ಆಗಿದೆ. ವ್ಯಾಪಾರ ಕಾಲು ಪಾಲು ಹೆಚ್ಚಿದಾಗ ಸ್ಟಾಕು ಅಷ್ಟು ಹೆಚ್ಚುವುದು ಸಹಜ, ಅದರ ಚಿಂತೆ ಬೇಡ. ಗಿರಾಕಿಗಳ ಬಾಕಿ ಮಾತ್ರ 10 ಲಕ್ಷದಿಂದ 24 ಲಕ್ಷಕ್ಕೆ ಹೋಗಿದೆ. ಅಂದರೆ ಮೊದಲು ಮಾರಿದ ಮಾಲಿನ ದುಡ್ಡು ಸರಾಸರಿ 30 ದಿನಕ್ಕೆ ಬರುತ್ತಿತ್ತು, ಈಗ 58 ದಿನ ಹಿಡಿಯುತ್ತಿದೆ. ವಹಿವಾಟು 3ರಿಂದ 2.5ಕ್ಕೆ ಇಳಿಯಲು ಇದೇ ಕಾರಣ. ನಿಮ್ಮ ಭಾಗದಲ್ಲಿ ಇದು ಹೇಗಾಗುತ್ತದೆ ಎಂಬುದು ಗೊತ್ತಿರುವುದೇ. ಆಲೂಗೆಡ್ಡೆ ಹಾಕುವಾಗ ಗೊಬ್ಬರ ಸಾಲಕ್ಕೆ ಹೋಗುತ್ತದೆ, ಅಂಗಮಾರಿ ಬಂದರೆ ಔಷಧಿಯೂ ಸಾಲಕ್ಕೆ. ತಂಬಾಕಿನವರಾದರೆ ರಾಮನಾಥಪುರದ ಹರಾಜು ಮುಗಿದು ದುಡ್ಡು ಬರುವವರೆಗೆ ಕಾಯಬೇಕು. ಹೊಸ ಗಿರಾಕಿಗಳು ನಿಮ್ಮಲ್ಲಿಗೆ ಬಂದದ್ದು ನೀವು ಹೆಚ್ಚು ದಿನ ಸಾಲ ಕೊಡುತ್ತೀರಿ ಎಂದೇ ಇರಬಹುದು. ಯೂರಿಯಾದಂಥ ಮಾಲಿನ ಚೀಲದ ಮೇಲೆ ಬೆಲೆ ಅಚ್ಚಾಗಿಯೇ ಬರುತ್ತದೆ. ಎರಡು ತಿಂಗಳು ಸಾಲ ಕೊಟ್ಟೆ ಎಂದು ಅದಕ್ಕೆ ಹತ್ತು ರೂಪಾಯಿ ಹೆಚ್ಚು ಹಾಕುವಂತಿಲ್ಲ.

ಇನ್ನು ಮಾರ್ಜಿನ್ ಇಳಿದದ್ದು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಮಾರ್ಜಿನ್ ಕಡಿಮೆಯಾಯಿತು ಎಂದ ಕೂಡಲೇ ಅಗ್ಗಕ್ಕೆ ಮಾರಿದೆವೋ, ಖರ್ಚು ಹೆಚ್ಚಿತೋ ಎಂದು ಹುಡುಕಲು ಹೊರಡುತ್ತಾರೆ. ನಿಮ್ಮ ಲೆಕ್ಕದಲ್ಲಿ ಅದು ಎರಡೂ ಅಲ್ಲ. ಓ.ಡಿ. ಮೊದಲು ಸರಾಸರಿ 12 ಲಕ್ಷ ಇತ್ತು, ಶೇ 11ರ ಬಡ್ಡಿಗೆ ವರ್ಷಕ್ಕೆ 1.32 ಲಕ್ಷ. ಈಗ 25 ಲಕ್ಷ, ಬಡ್ಡಿ 2.75 ಲಕ್ಷ. ಮಿಕ್ಕದ್ದು ಹೋಲ್‌ಸೇಲ್‌ನವರು ಬಡ್ಡಿಯಿಲ್ಲದೆ ಬಿಟ್ಟಿರುವ ಬಾಕಿ, ಅದು 8 ಲಕ್ಷದಿಂದ 15 ಲಕ್ಷ ಆಗಿದೆ. ಬಡ್ಡಿ ಕಟ್ಟುವ ಮುಂಚಿನ ಲಾಭ ನೋಡಿದರೆ ಆಗ 4.92 ಲಕ್ಷ, ಈಗ 6.50 ಲಕ್ಷ. ವ್ಯಾಪಾರಕ್ಕೆ ಹೋಲಿಸಿದರೆ ಶೇ 4.1 ಇದ್ದದ್ದು 4.3 ಆಗಿದೆ. ಮಾರುವುದರಲ್ಲಿ ನೀವು ಸ್ವಲ್ಪ ಸುಧಾರಿಸಿಯೇ ಇದ್ದೀರಿ. ಆ ಸುಧಾರಣೆಯನ್ನೂ ಮೀರಿ ಬಡ್ಡಿ ತಿಂದಿದೆ. ಸೂತ್ರದ ಮೂರು ಭಾಗಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ, ಹಾಗಿಲ್ಲ. ಸಾಲ ಹೆಚ್ಚಿದರೆ ಲಿವರೇಜ್ ಏರುತ್ತದೆ, ಅದೇ ಸಾಲದ ಬಡ್ಡಿ ಮಾರ್ಜಿನ್ನನ್ನು ಇಳಿಸುತ್ತದೆ. ಆದ್ದರಿಂದ ಬಡ್ಡಿಗೆ ಮುಂಚಿನ ಮಾರ್ಜಿನ್ನನ್ನೂ ಪಕ್ಕದಲ್ಲಿ ಬರೆದುಕೊಳ್ಳದೆ ಕಾರಣ ಹುಡುಕಲು ಹೋಗಬೇಡಿ.

ಹೊಸದಾಗಿ ಹಾಕಿದ 20 ಲಕ್ಷ ಏನು ತಂದಿತು? ಬಡ್ಡಿಗೆ ಮುಂಚಿನ ಲಾಭ 1.58 ಲಕ್ಷ ಹೆಚ್ಚಿತು, ಬಡ್ಡಿ 1.43 ಲಕ್ಷ ಹೆಚ್ಚಿತು. ನಿಮಗೆ ಉಳಿದದ್ದು ವರ್ಷಕ್ಕೆ 15 ಸಾವಿರ. ಅದೂ ಹೋಲ್‌ಸೇಲ್‌ನವರು 7 ಲಕ್ಷ ಹೆಚ್ಚುವರಿಯಾಗಿ ಬಡ್ಡಿಯಿಲ್ಲದೆ ಬಿಟ್ಟಿದ್ದರಿಂದ. ಅವರು ಕೈ ಬಿಗಿ ಮಾಡಿ, ಆ 7 ಲಕ್ಷವನ್ನೂ ಓ.ಡಿ.ಯಿಂದಲೇ ತುಂಬಬೇಕಾಗಿ ಬಂದಿದ್ದರೆ ಇನ್ನೂ 77 ಸಾವಿರ ಬಡ್ಡಿ ಬಿದ್ದು, ಲಾಭ ಹಳೆಯ 3.60 ಲಕ್ಷಕ್ಕಿಂತಲೂ ಕೆಳಗೆ ಹೋಗುತ್ತಿತ್ತು.

ಈ 15 ಸಾವಿರಕ್ಕಾಗಿ ಹೊತ್ತ ಅಪಾಯ ಎಷ್ಟು ಎಂಬುದನ್ನೂ ನೋಡಿ. ಬಾಕಿಯಲ್ಲಿ ನೂರಕ್ಕೆ ಐದು ರೂಪಾಯಿ ಮುಳುಗಿತು ಎಂದುಕೊಳ್ಳೋಣ. ಮಳೆ ಕೈಕೊಟ್ಟ ವರ್ಷ ಇದು ದೊಡ್ಡ ಮಾತಲ್ಲ. ಹಿಂದಿನ ಲೆಕ್ಕದಲ್ಲಿ 50 ಸಾವಿರ ಹೋಗಿ ಆರ್‌ಒಇ ಶೇ 15.5 ಆಗುತ್ತಿತ್ತು. ಈಗ 1.20 ಲಕ್ಷ ಹೋಗಿ ಶೇ 12.75 ಆಗುತ್ತದೆ. 18.75ರ ಅಂಕಿ 18ಕ್ಕಿಂತ ದೊಡ್ಡದು ನಿಜ, ಆದರೆ ಅದೇ ಪೆಟ್ಟಿಗೆ ಅದು ಹೆಚ್ಚು ಕುಸಿಯುತ್ತದೆ. ಹೀಗಿರುವಾಗ ಅದನ್ನು ಹಿಂದಿಗಿಂತ ಉತ್ತಮ ಎಂದು ನಾನು ಒಪ್ಪುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಹೊಸ ಗಿರಾಕಿ ಹುಡುಕುವುದನ್ನು ಒಂದು ವರ್ಷ ನಿಲ್ಲಿಸಿ, ಬಾಕಿಯ ದಿನವನ್ನು 58ರಿಂದ 40ಕ್ಕೆ ತನ್ನಿ. 30ಕ್ಕೆ ಒಮ್ಮೆಲೇ ಹೋಗಬೇಡಿ, ಹಳೆಯ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. 40 ದಿನಕ್ಕೆ ಬಂದರೆ ಸುಮಾರು 7.5 ಲಕ್ಷ ಕೈಗೆ ಬರುತ್ತದೆ. ಅದನ್ನು ನೇರವಾಗಿ ಓ.ಡಿ.ಗೆ ಕಟ್ಟಿದರೆ 82,500 ರೂಪಾಯಿ ಬಡ್ಡಿ ಉಳಿದು, ವ್ಯಾಪಾರ ಒಂದು ರೂಪಾಯಿಯೂ ಹೆಚ್ಚದೆ ಲಾಭ 4.575 ಲಕ್ಷ ಆಗುತ್ತದೆ. ಮಾರ್ಜಿನ್ ಶೇ 3.05, ವಹಿವಾಟು 2.86 ಸಲ, ಲಿವರೇಜ್ ಸುಮಾರು 2.6 ಪಟ್ಟು. ಆರ್‌ಒಇ ಶೇ 22.9ರ ಹತ್ತಿರ. ಸಾಲ ಇಳಿದೂ ಆರ್‌ಒಇ ಏರಿತು. ಎರಡು ಬಗೆಯ ಏರಿಕೆಗೆ ಇರುವ ವ್ಯತ್ಯಾಸವನ್ನು ಮಗನಿಗೆ ತೋರಿಸಿ.

ತಿಂಗಳ ಸರಾಸರಿ ಕಳಿಸಿದ್ದು ತುಂಬ ಒಳ್ಳೆಯದಾಯಿತು. ಹೆಚ್ಚಿನವರು ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಮಾತ್ರ ಕಳಿಸುತ್ತಾರೆ. ನಿಮ್ಮ ಕಡೆ ಅಷ್ಟು ಹೊತ್ತಿಗೆ ತಂಬಾಕಿನ ದುಡ್ಡು ಬಂದು ಬಾಕಿ ತೀರಿರುತ್ತದೆ, ಮುಂಗಾರಿನ ಸ್ಟಾಕು ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಆ ಒಂದು ದಿನದ ಆಸ್ತಿ ಹಿಡಿದರೆ ವಹಿವಾಟು ಚೆನ್ನಾಗಿ ಕಾಣುತ್ತದೆ, ಲಿವರೇಜ್ ಕಡಿಮೆ ಕಾಣುತ್ತದೆ. ಆಗಸ್ಟ್ ತಿಂಗಳಲ್ಲಿ ನೀವು ಪಡುವ ಕಷ್ಟ ಆ ಕಾಗದದಲ್ಲಿ ಎಲ್ಲಿಯೂ ಇರುವುದಿಲ್ಲ.

ಪ್ರಶ್ನೆ: ಚನ್ನರಾಯಪಟ್ಟಣದಲ್ಲಿ ಶಿಕ್ಷಕ. ಷೇರು ಕೊಳ್ಳುವ ಮುಂಚೆ ಕಂಪನಿಯ ಆರ್‌ಒಇ ಶೇ 20 ದಾಟಿದೆಯೇ ಎಂದು ನೋಡುತ್ತೇನೆ. ಡ್ಯೂಪಾಂಟ್ ವಿಧಾನದಲ್ಲಿ ಬಿಡಿಸಿ ನೋಡಬೇಕು ಎಂದು ಸ್ನೇಹಿತರು ಹೇಳಿದರು. ಆ ಹೆಸರು ಯಾಕೆ? ಬಿಡಿಸಿದ ಮೇಲೆ ಯಾವುದನ್ನು ನೋಡಬೇಕು?

ಉತ್ತರ: ಡ್ಯೂಪಾಂಟ್ ಅಮೆರಿಕದ ರಾಸಾಯನಿಕ ಕಂಪನಿ. ಮೊದಲು ಸಿಡಿಮದ್ದು ಮಾಡುತ್ತಿತ್ತು. 1910ರ ದಶಕದಲ್ಲಿ ಅಲ್ಲಿ ಕೆಲಸಕ್ಕಿದ್ದ ಡೊನಾಲ್ಡ್‌ಸನ್ ಬ್ರೌನ್, ಕಂಪನಿಯ ಒಂದೊಂದು ವಿಭಾಗ ಹಾಕಿದ ದುಡ್ಡಿಗೆ ಎಷ್ಟು ತರುತ್ತಿದೆ ಎಂದು ಹೋಲಿಸಲು ಮಾರ್ಜಿನ್ ಮತ್ತು ವಹಿವಾಟನ್ನು ಗುಣಿಸುವ ಕ್ರಮ ತಂದರು. ಮುಂದೆ ಅದನ್ನು ಜನರಲ್ ಮೋಟರ್ಸ್‌ಗೂ ಒಯ್ದರು. ಅವರದ್ದು ಎರಡೇ ಭಾಗ. ಸಾಲದ ಭಾಗ ಆಮೇಲೆ ಸೇರಿಕೊಂಡದ್ದು. ವಿಭಾಗದ ಮ್ಯಾನೇಜರ್ ಕೈಯಲ್ಲಿ ಇರುವುದು ಮಾರುವುದು ಮತ್ತು ಆಸ್ತಿಯನ್ನು ದುಡಿಸುವುದು. ಸಾಲ ಎಷ್ಟು ಮಾಡಬೇಕೆಂಬುದು ಮಾಲೀಕರ ತೀರ್ಮಾನ. ಇಂದಿಗೂ ನಾನು ಮೊದಲೆರಡನ್ನು ಗುಣಿಸಿ ಗೆರೆ ಎಳೆದ ಮೇಲೆ ಮೂರನೆಯದಕ್ಕೆ ಹೋಗುತ್ತೇನೆ, ನೀವೂ ಹಾಗೇ ಮಾಡಿ.

ಎರಡು ಕಂಪನಿ ತೆಗೆದುಕೊಳ್ಳಿ. ಒಂದರದ್ದು ಮಾರ್ಜಿನ್ ಶೇ 16, ವಹಿವಾಟು 1 ಸಲ, ಲಿವರೇಜ್ 1.25. ಇನ್ನೊಂದರದ್ದು ಮಾರ್ಜಿನ್ ಶೇ 4, ವಹಿವಾಟು 1.25 ಸಲ, ಲಿವರೇಜ್ 4. ಎರಡಕ್ಕೂ ಆರ್‌ಒಇ ಶೇ 20. ಕಚ್ಚಾ ಮಾಲಿನ ಬೆಲೆ ಏರಿ ಇಬ್ಬರಿಗೂ ಮಾರ್ಜಿನ್ನಿನಲ್ಲಿ 2 ಅಂಶ ಕಡಿಮೆಯಾಯಿತು ಎನ್ನಿ. ಮೊದಲನೆಯದು ಶೇ 17.5ಕ್ಕೆ ಬರುತ್ತದೆ, ಎರಡನೆಯದು ಶೇ 10ಕ್ಕೆ ಬೀಳುತ್ತದೆ. ಹಾಗೆಂದು ಲಿವರೇಜ್ 4 ಎಲ್ಲ ಕಡೆ ಕೆಟ್ಟದ್ದಲ್ಲ. ಬ್ಯಾಂಕು ಜನರ ಠೇವಣಿಯ ಮೇಲೇ ನಡೆಯುವುದು, ಅಲ್ಲಿ ಹತ್ತು ಪಟ್ಟು ಇದ್ದರೂ ಸಹಜ. ಒಂದೇ ಕಸುಬಿನ ಕಂಪನಿಗಳನ್ನು ಮಾತ್ರ ಹೋಲಿಸಿ, ಐದಾರು ವರ್ಷದ ಮೂರೂ ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳಿ. ಒಂದು ಎಚ್ಚರಿಕೆ: ನಷ್ಟದಿಂದಲೋ, ಷೇರು ಮರಳಿ ಕೊಂಡದ್ದರಿಂದಲೋ ಬಂಡವಾಳವೇ ಕರಗಿದ್ದರೆ ಆರ್‌ಒಇ ಏರುತ್ತದೆ. ಆಗ ಲಿವರೇಜ್ ಏರಿದ್ದಕ್ಕೆ ಹೊಸ ಸಾಲ ಕಾರಣವಾಗಿರುವುದಿಲ್ಲ. ಭಾಗಿಸುವ ಅಂಕಿ ಚಿಕ್ಕದಾಗಿರುತ್ತದೆ, ಅಷ್ಟೇ.

ಪ್ರಶ್ನೆ: ಹೊಳೆನರಸೀಪುರದಲ್ಲಿ ನಮ್ಮ ಮನೆಯ ಕೆಳಗೇ ದಿನಸಿ ಅಂಗಡಿ. 10 ಲಕ್ಷ ಬಂಡವಾಳಕ್ಕೆ ವರ್ಷಕ್ಕೆ 3.60 ಲಕ್ಷ ಉಳಿಯುತ್ತಿದೆ, ಸಾಲವಿಲ್ಲ. ಶೇ 36 ಎಂದರೆ ಇನ್ನೊಂದು ಅಂಗಡಿ ತೆರೆಯಬಹುದಲ್ಲವೇ?

ಉತ್ತರ: ತಡೆಯಿರಿ. ಆ 3.60 ಲಕ್ಷದೊಳಗೆ ನಿಮ್ಮ ಕೂಲಿ ಮತ್ತು ನಿಮ್ಮ ಕಟ್ಟಡದ ಬಾಡಿಗೆ ಸೇರಿಕೊಂಡಿದೆ. ನಿಮ್ಮ ಜಾಗಕ್ಕೆ ಬೇರೆಯವರನ್ನು ಇಟ್ಟರೆ ತಿಂಗಳಿಗೆ 15 ಸಾವಿರ, ಮಳಿಗೆ ಬಾಡಿಗೆಗೆ ಕೊಟ್ಟಿದ್ದರೆ 8 ಸಾವಿರ ಎಂದು ಹಿಡಿಯಿರಿ. ವರ್ಷಕ್ಕೆ 2.76 ಲಕ್ಷ ಕಳೆದರೆ ಉಳಿಯುವುದು 84 ಸಾವಿರ. ಬಂಡವಾಳಕ್ಕೆ ಸಿಕ್ಕದ್ದು ಶೇ 8.4 ಮಾತ್ರ. ಬಾಡಿಗೆ ಕಳೆದ ಮೇಲೆ ಕಟ್ಟಡದ ಬೆಲೆಯನ್ನು ಮತ್ತೆ ಬಂಡವಾಳಕ್ಕೆ ಸೇರಿಸಬೇಡಿ, ಎರಡರಲ್ಲಿ ಒಂದು ಸಾಕು. ಎರಡನೆಯ ಅಂಗಡಿಯಲ್ಲಿ ಸಂಬಳವನ್ನೂ ಬಾಡಿಗೆಯನ್ನೂ ನಿಜವಾಗಿ ಕೊಡಬೇಕಾಗುತ್ತದೆ, ಆದ್ದರಿಂದ ಅದನ್ನು ಈ 8.4ರ ಜೊತೆ ತೂಗಿ ನೋಡಿ. ಅದು ಬ್ಯಾಂಕಿನ ಸಾಲದಲ್ಲಿ ತೆರೆಯುವ ಅಂಗಡಿಯಾದರೆ, ಶೇ 11ರ ಬಡ್ಡಿಗೆ ತಂದ ಪ್ರತಿ ಲಕ್ಷಕ್ಕೂ ವರ್ಷಕ್ಕೆ 2,600 ರೂಪಾಯಿ ಕೈಯಿಂದ ಹೋಗುತ್ತದೆ.