ನಂದಿ ಹತ್ತುವ ಮುಂಚೆ ಚಕ್ರ ಅಳೆದುಕೋ

ಸೈಕಲ್ಲಿಗೆ ಕಂಪ್ಯೂಟರ್ ಹಾಕಿಸಿಕೊಂಡಿದ್ದೀಯಲ್ಲ ಮಗು, ಭಾನುವಾರ ನಂದಿ ಬೆಟ್ಟಕ್ಕೆ ಹೊರಡುವ ಮುಂಚೆ ಅದಕ್ಕೆ ಚಕ್ರದ ಸುತ್ತಳತೆಯನ್ನು ಸರಿಯಾಗಿ ಹೇಳಿಕೊಡು. ಆ ಪುಟ್ಟ ಯಂತ್ರಕ್ಕೆ ರಸ್ತೆ ಕಾಣುವುದಿಲ್ಲ. ಮುಂದಿನ ಚಕ್ರದ ಕಡ್ಡಿಗೆ ಕಟ್ಟಿರುವ ಆಯಸ್ಕಾಂತ ಫೋರ್ಕಿನ ಮೇಲಿರುವ ಸೆನ್ಸರ್ ಮುಂದೆ ಎಷ್ಟು ಸಲ ಹಾದುಹೋಯಿತು ಅಂತ ಎಣಿಸಿ, ಆ ಲೆಕ್ಕವನ್ನು ನೀನು ಕೊಟ್ಟ ಸುತ್ತಳತೆಯಿಂದ ಗುಣಿಸುತ್ತದೆ, ಅಷ್ಟೆ. ಸುತ್ತಳತೆ ತಪ್ಪಿದ್ದರೆ ವೇಗ, ದೂರ ಎರಡೂ ಅದೇ ಪ್ರಮಾಣದಲ್ಲಿ ತಪ್ಪುತ್ತವೆ.

ಮೊದಲು ಟಯರಿನ ಪಕ್ಕ ನೋಡು. ನಿನ್ನದರ ಮೇಲೆ 700×35ಸಿ ಅಂತ ದಪ್ಪಗೆ ಇದೆ, ಅದರ ಹತ್ತಿರವೇ ಸಣ್ಣಗೆ 35-622 ಅಂತಲೂ ಇದೆ. ಲೆಕ್ಕಕ್ಕೆ ಬೇಕಾದ್ದು ಆ ಸಣ್ಣ ಬರಹ. 622 ಅಂದರೆ ಟಯರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. 35 ಅಂದರೆ ಗಾಳಿ ತುಂಬಿದ ಟಯರಿನ ಅಗಲ. ದಪ್ಪವೂ ಸುಮಾರು ಅಷ್ಟೇ ಅಂತ ಇಟ್ಟುಕೊಳ್ಳುತ್ತೇವೆ. ಮೇಲೊಂದು, ಕೆಳಗೊಂದು ಸೇರಿದರೆ 622 + 35 + 35 = 692. ಅದನ್ನು 3.1416 ರಿಂದ ಗುಣಿಸಿದರೆ 2174 ಮಿಲಿಮೀಟರ್. ಅಜ್ಜನ ಕಾಲದ ದೊಡ್ಡ ಸೈಕಲ್ಲಿನ ಟಯರಿಗೂ 28 ಇಂಚು ಅಂತಾರೆ, ನಿನ್ನದಕ್ಕೂ ಕೆಲವರು 28 ಅಂತಲೇ ಕರೆಯುತ್ತಾರೆ. ಆದರೆ ಅದರ ರಿಮ್ಮು 635, ನಿನ್ನದು 622. ಇಂಚು ನಂಬಿಕೊಂಡು ಲೆಕ್ಕ ಹಾಕಬೇಡ.

ಈ 2174 ಯಾರೂ ಕೂರದ ಸೈಕಲ್ಲಿನ ಲೆಕ್ಕ. ನೀನು ಕೂತೊಡನೆ ಟಯರು ನೆಲಕ್ಕೆ ತಾಗುವಲ್ಲಿ ಒಂದಿಷ್ಟು ಚಪ್ಪಟೆಯಾಗುತ್ತದೆ, ಒಂದು ಸುತ್ತಿಗೆ ಸಾಗುವ ದೂರ ಕಡಿಮೆಯಾಗುತ್ತದೆ. ಅಲ್ಲದೆ ಬರೆದ ಅಗಲಕ್ಕೂ ನಿಜವಾದ ಅಗಲಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಇರಬಹುದು. ಅದಕ್ಕೇ ನೆಲದ ಮೇಲೆ ಉರುಳಿಸಿ ಅಳೆಯಬೇಕು.

ನೀನು ಯಾವಾಗಲೂ ತುಂಬುವಷ್ಟೇ ಗಾಳಿ ತುಂಬು. ಶಾಲೆಯ ಅಂಗಳದಂಥ ಸಮತಟ್ಟಾದ ಸಿಮೆಂಟು ನೆಲ ಹುಡುಕು. ಮುಂದಿನ ಚಕ್ರದ ವಾಲ್ವು ನೇರ ಕೆಳಗೆ ಬಂದಾಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸು. ಆಯಸ್ಕಾಂತ ಇರುವ ಚಕ್ರವನ್ನೇ ಅಳೆಯಬೇಕು. ಹಿಂದಿನ ಚಕ್ರಕ್ಕೆ ಭಾರ ಹೆಚ್ಚು, ಅದರ ಅಳತೆ ಬೇರೆ ಬರುತ್ತದೆ. ನೀನು ಹತ್ತಿ, ಸವಾರಿಯಲ್ಲಿ ಹೇಗೆ ಕೂರುತ್ತೀಯೋ ಹಾಗೇ ಕೂರು. ತಂಗಿ ಪಕ್ಕದಲ್ಲಿ ಹಿಡಿದು ನಿಧಾನವಾಗಿ ಮುಂದಕ್ಕೆ ತಳ್ಳಲಿ. ಐದು ಸುತ್ತು ಮುಗಿದು ವಾಲ್ವು ಮತ್ತೆ ಕೆಳಗೆ ಬಂದ ಕಡೆ ಇನ್ನೊಂದು ಗೆರೆ. ಒಂದೇ ಸುತ್ತು ಅಳೆದರೆ ಗೆರೆ ಹಾಕುವಾಗ ಆದ ಅರ್ಧ ಸೆಂಟಿಮೀಟರ್ ತಪ್ಪು ಪೂರ್ತಿ ಉಳಿಯುತ್ತದೆ. ಐದಕ್ಕೆ ಹಂಚಿದರೆ ಒಂದು ಮಿಲಿಮೀಟರಿಗೆ ಇಳಿಯುತ್ತದೆ. ಹ್ಯಾಂಡಲ್ ಅಲ್ಲಾಡಿ ಚಕ್ರ ಹಾವಿನಂತೆ ಹೋದರೆ ಗೆರೆಗಳ ನಡುವಿನ ದೂರ ಕಡಿಮೆ ಸಿಗುತ್ತದೆ, ಆಗ ಮತ್ತೆ ಮೊದಲಿಂದ. ಟೈಲರ್ ಟೇಪು ಬೇಡ, ಅದು ಚಿಕ್ಕದು, ಎಳೆದಂತೆ ಹಿಗ್ಗುತ್ತದೆ. ಗಾರೆ ಕೆಲಸದವರ ಉಕ್ಕಿನ ಟೇಪು ತಗೋ.

ಐದು ಸುತ್ತಿಗೆ 10.72 ಮೀಟರ್ ಬಂತು ಅಂತಿಟ್ಟುಕೋ. ಐದರಿಂದ ಭಾಗಿಸಿದರೆ 2144 ಮಿಲಿಮೀಟರ್. ಮೊದಲ ಲೆಕ್ಕಕ್ಕಿಂತ 30 ಕಡಿಮೆ, ಅಂದರೆ ಶೇಕಡಾ 1.4. ಹಳೆಯ ಸಂಖ್ಯೆ ಇಟ್ಟುಕೊಂಡು 60 ಕಿಲೋಮೀಟರ್ ತುಳಿದರೆ ಕಂಪ್ಯೂಟರ್ 60.84 ತೋರಿಸುತ್ತಿತ್ತು. ಕೆಲವು ಯಂತ್ರಗಳು ಸೆಂಟಿಮೀಟರಿನಲ್ಲಿ ಕೇಳುತ್ತವೆ, ಅಲ್ಲಿ 214 ಹಾಕು.

ಆಮೇಲೆ ರಸ್ತೆಯಲ್ಲಿ ಪರೀಕ್ಷೆ ಮಾಡು. ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತಾ ಹೋಗು. ಎರಡೇ ಕಲ್ಲುಗಳ ನಡುವೆ ಅಳೆದರೆ ಸಾಲದು, ರಸ್ತೆ ಅಗಲ ಮಾಡಿದಾಗ ಕಲ್ಲು ಅತ್ತಿತ್ತ ಸರಿದಿರಬಹುದು. ದೂರ ಹೆಚ್ಚಾದಷ್ಟೂ ಆ ತಪ್ಪು ಸಣ್ಣದಾಗುತ್ತದೆ. ಕಲ್ಲಿನ ಲೆಕ್ಕ 20 ಇದ್ದು ಕಂಪ್ಯೂಟರ್ 20.28 ತೋರಿಸಿದರೆ, ಈಗ ಇರುವ ಸುತ್ತಳತೆಯನ್ನು 20 ರಿಂದ ಗುಣಿಸಿ 20.28 ರಿಂದ ಭಾಗಿಸು, ಹೊಸ ಸಂಖ್ಯೆ ಸಿಗುತ್ತದೆ. ನಂದಿಯ ತಿರುವುಗಳಲ್ಲಿ ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಬೇಡ. ಅದು ಬಿಂದುಗಳನ್ನು ನೇರ ಗೆರೆಯಲ್ಲಿ ಜೋಡಿಸುವುದರಿಂದ ತಿರುವಿನ ಮೂಲೆ ಕತ್ತರಿಸಿ ದೂರ ಕಡಿಮೆ ತೋರಿಸಬಹುದು.

ಒಂದು ಗುರುತು ಹೇಳುತ್ತೇನೆ. ಸುತ್ತಳತೆ ತಪ್ಪಿದ್ದರೆ ವ್ಯತ್ಯಾಸ ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ಬರುತ್ತದೆ. ಒಮ್ಮೆ ಸರಿ, ಒಮ್ಮೆ ತುಂಬಾ ಕಡಿಮೆ, ಮಧ್ಯೆ ವೇಗ ಸೊನ್ನೆಗೆ ಇಳಿಯುವುದು ಅಂದರೆ ಆಯಸ್ಕಾಂತ ಸೆನ್ಸರಿನಿಂದ ದೂರ ಸರಿದಿದೆ. ಆಗ ಸಂಖ್ಯೆಗೆ ಕೈ ಹಾಕದೆ ಆಯಸ್ಕಾಂತವನ್ನು ಹತ್ತಿರಕ್ಕೆ ತಂದು ಬಿಗಿ ಮಾಡು.

ಟಯರು ಒಂದು ಮಿಲಿಮೀಟರ್ ಸವೆದರೂ ಸುತ್ತಳತೆ ಆರು ಮಿಲಿಮೀಟರಿನಷ್ಟು ಇಳಿಯುತ್ತದೆ. ಬೇರೆ ಟಯರು ಹಾಕಿಸಿದಾಗ ಮತ್ತೆ ಅಳೆ. ಸೆಲ್ ಬದಲಾಯಿಸಿದಾಗ ಕೆಲವು ಯಂತ್ರಗಳು ಸಂಖ್ಯೆಯನ್ನೇ ಮರೆತುಬಿಡುತ್ತವೆ, ಅದಕ್ಕೇ 2144 ಅಂತ ಒಂದು ಚೀಟಿಯಲ್ಲಿ ಬರೆದು ಪಂಕ್ಚರ್ ಕಿಟ್ಟಿನೊಳಗೆ ಇಟ್ಟುಕೋ.